ಬಣವಿಗೆ ಬಿದ್ದ ಬೆಂಕಿಯನ್ನು ಕನ್ನಡಕ್ಕೆ ತಂದದ್ದು

ನನ್ನನ್ನು ಭಾಷಾಂತರಕಾರ ಎಂದು ಯಾರಾದರೂ ಪರಿಚಯ ಮಾಡಿಕೊಟ್ಟರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ಬಾಗಲಕೋಟೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರ, ಅಷ್ಟೇ. ಇಡೀ ಆಯುಷ್ಯದಲ್ಲಿ ಇಂಗ್ಲಿಷಿನಿಂದ ಒಂದೇ ಒಂದು ನಾಟಕ ಕನ್ನಡಕ್ಕೆ ತಂದೆ. ನಾಟಕ ಅಂದರೆ ನಾಟಕವೂ ಅಲ್ಲ, ದೊಡ್ಡ ನಾಟಕದ ನಡುವೆ ಜನರ ಬೇಸರ ಕಳೆಯಲು ಆಡುತ್ತಿದ್ದ ಅರ್ಧ ತಾಸಿನ ಫಾರ್ಸು. ಅದು ಗೆದ್ದಿತು. ಗೆದ್ದದ್ದಕ್ಕೇ ಮುಂದೆ ಇನ್ನೊಂದಕ್ಕೆ ಕೈ ಹಾಕಲಿಲ್ಲ.

ಜರ್ಮನಿಯ ಯುದ್ಧ ಶುರುವಾಗುವ ಮುಂಚಿನ ಮಾತು. ಹುನಗುಂದ ಕಡೆಯ ಮಾಲಕರೊಬ್ಬರ ನಾಟಕ ಕಂಪನಿ ಬಾಗಲಕೋಟೆಯಲ್ಲಿ ಬೀಡುಬಿಟ್ಟಿತ್ತು. ಮಾಲಕರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ದಿನಕ್ಕೆರಡು ಹೊತ್ತು ಪೂಜೆ ಮಾಡಿ, ಮೂರನೇ ಹೊತ್ತು ನಟರನ್ನು ಬಯ್ಯುತ್ತಿದ್ದರು. ಕೆಟ್ಟವರೇನಲ್ಲ. ಇಪ್ಪತ್ತು ಮಂದಿಯ ಹೊಟ್ಟೆ ಹೊತ್ತುಕೊಂಡು ಊರೂರು ತಿರುಗುವವನಿಗೆ ಮೆತ್ತಗಿರಲು ಪುರುಸೊತ್ತು ಎಲ್ಲಿಂದ ಬರಬೇಕು? ಅವರ ಪೌರಾಣಿಕ ನಾಟಕಗಳಿಗೆ ಜನ ಬರುತ್ತಿದ್ದರು. ಆದರೆ ಫಾರ್ಸು ಶುರುವಾದರೆ ಎದ್ದು ಹೊರಗೆ ಬೀಡಿ ಸೇದಲು ಹೋಗುತ್ತಿದ್ದರು. ಅದೇ ಹಳೆಯ ಕುಡುಕ, ಅದೇ ಹಳೆಯ ಜಗಳಗಂಟಿ ಹೆಂಡತಿ, ಅವೇ ಹಳೆಯ ಮಾತು. ಎಲ್ಲ ಊರಿನವರಿಗೂ ಬಾಯಿಪಾಠವಾಗಿತ್ತು.

ಆ ಹೊತ್ತಿಗೆ ನಮ್ಮ ಊರಿನ ವಕೀಲರೊಬ್ಬರು ಮುಂಬಯಿಗೆ ಹೋಗಿದ್ದವರು ಒಂದು ಇಂಗ್ಲಿಷ್ ಫಾರ್ಸಿನ ಪುಸ್ತಕ ತಂದರು. ಅಲ್ಲಿ ಕಾಲೇಜಿನ ಹುಡುಗರು, ಹವ್ಯಾಸಿ ಮಂಡಳಿಯವರು, ಎಲ್ಲರೂ ಅದನ್ನೇ ಆಡುತ್ತಿದ್ದರಂತೆ. ವಕೀಲರು ಸ್ವತಃ ಎರಡು ಸಲ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕು ಬಂದಿದ್ದರು. ಕಂಪನಿಗೆ ಪರದೆ, ಉಡುಪು ಮಾಡಿಸಿಕೊಟ್ಟವರು ಅವರು. ಹಾಗಾಗಿ ಅವರು ಆಡಿ ಎಂದರೆ ಮಾಲಕರು ಆಡಬೇಕು. ಬರೀ ಪುಸ್ತಕ ಕೊಟ್ಟಿದ್ದರೆ ಚೆನ್ನಾಗಿತ್ತು. ಅದನ್ನು ತಾವೇ ಕನ್ನಡಿಸಿ ಕೊಟ್ಟರು.

ಆಟದ ಸಂಗತಿ ಇಷ್ಟು. ಹಳ್ಳಿಯ ದೊಡ್ಡ ಮನೆ. ಅದರ ಯಜಮಾನನ ಕುದುರೆ ಲಾಯಕ್ಕೆ ಬೆಂಕಿ ಬಿದ್ದಿದೆ. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ಅದನ್ನು ನೋಡಿ ಹೇಳಲು ಓಡಿ ಬರುತ್ತಾನೆ. ಆದರೆ ಇಂಗ್ಲಿಷರಲ್ಲಿ ನಡುವೆ ಒಬ್ಬರು ನಿಂತು ಪರಿಚಯ ಮಾಡಿಕೊಡದೆ ಇಬ್ಬರು ದೊಡ್ಡ ಮನುಷ್ಯರು ಮಾತಾಡಿಕೊಳ್ಳುವುದು ಸಭ್ಯತೆ ಅಲ್ಲ. ಬಂದವನು ಮರ್ಯಾದಸ್ಥ. ಯಜಮಾನನೂ ಮರ್ಯಾದಸ್ಥ. ಇಬ್ಬರೂ ಕೂತುಕೊಳ್ಳುತ್ತಾರೆ. ಇವನು ಕೆಮ್ಮುತ್ತಾನೆ, ಅವನು ಹವೆ ಚೆನ್ನಾಗಿದೆ ಎನ್ನುತ್ತಾನೆ. ಮೌನ. ಇವನು ಹೌದು ಎನ್ನುತ್ತಾನೆ. ಮತ್ತೆ ಮೌನ. ಕಿಟಕಿಯಲ್ಲಿ ಹೊಗೆ ಕಾಣುತ್ತಿರುತ್ತದೆ. ನೋಡುವವರು ಆ ಮೌನದಲ್ಲೇ ನಗುತ್ತಾರೆ. ಕಟ್ಟಕಡೆಗೆ ಪರಿಚಯವಾದ ಮೇಲೆ ಬಂದವನು ಹೊರಡುತ್ತ, ಏನೋ ನೆನಪಾದವನ ಹಾಗೆ ಲಾಯದ ಸುದ್ದಿ ಹೇಳುತ್ತಾನೆ. ಆ ಸಾಲಿನ ಕೊನೆಯ ಪದವೇ ಬೆಂಕಿ. ಪರದೆ.

ನಾನು ಮೂಲ ಓದಿ ಒಬ್ಬನೇ ಕೂತು ನಕ್ಕೆ. ಆಮೇಲೆ ವಕೀಲರ ಕನ್ನಡ ಓದಿದೆ. ‘ಮಹಾಶಯರೇ, ಈ ದಿವಸದ ಹವಾಮಾನವು ಅತ್ಯಂತ ಆಹ್ಲಾದಕರವಾಗಿರುತ್ತದೆಯಲ್ಲವೇ?’ ಎಂದು ಶುರುವಾಗಿ, ‘ಅಂದಹಾಗೆ, ತಮ್ಮ ಅಶ್ವಶಾಲೆಯು ಅಗ್ನಿಯಿಂದ ಆವೃತವಾಗಿರುವುದು’ ಎಂದು ಮುಗಿದಿತ್ತು. ಒಂದು ಪದ ಬಿಟ್ಟಿರಲಿಲ್ಲ. ಒಂದು ಪದ ಸೇರಿಸಿರಲಿಲ್ಲ. ದಸ್ತಾವೇಜಿನ ನಕಲು ತೆಗೆಯುವ ಹಾಗೆ ಮಾಡಿದ್ದರು. ಕೋರ್ಟಿನಲ್ಲಿ ಅದಕ್ಕೆ ಬೆಲೆ ಇರಬಹುದು.

ಇದನ್ನು ಆಡಬೇಕಾದವನು ಕಂಪನಿಯ ಹಾಸ್ಯಗಾರ. ಇಳಕಲ್ಲಿನ ನೇಕಾರ ಸಾಬರ ಮನೆಯವನು. ನಾನು ಚಾಚಾ ಎಂದು ಕರೆಯುತ್ತಿದ್ದೆ. ಹರೆಯದಲ್ಲಿ ಮಗ್ಗದಿಂದೆದ್ದು ಕಂಪನಿ ಸೇರಿದವನು ಮತ್ತೆ ಮಗ್ಗದ ಕಡೆ ನೋಡಿರಲಿಲ್ಲ. ಒಂದು ಕಾಲಕ್ಕೆ ಅವನು ಪರದೆಯ ಹಿಂದೆ ಸೀನಿದರೆ ಜನ ನಗುತ್ತಿದ್ದರಂತೆ. ನಾನು ನೋಡಿದಾಗ ಮುಂದಿನ ಹಲ್ಲು ಉದುರಿದ್ದವು, ದಮ್ಮಿನ ಬೇನೆ ಹತ್ತಿತ್ತು. ಒಂದು ಉದ್ದನೆಯ ಮಾತು ಆಡಿ ಮುಗಿಸುವಷ್ಟರಲ್ಲಿ ಭುಜ ಮೇಲೆ ಕೆಳಗೆ ಆಗುತ್ತಿತ್ತು. ಕಂಪನಿಯಲ್ಲಿ ಯುಗಾದಿಗೆ ಎಲ್ಲರ ಕರಾರು ಹೊಸದಾಗುತ್ತಿತ್ತು. ಮಾಲಕರು ಅವನಿಗೆ ಮೊದಲೇ ಹೇಳಿಬಿಟ್ಟಿದ್ದರು, ಈ ಹೊಸ ಫಾರ್ಸು ಬಿದ್ದರೆ ಯುಗಾದಿ ಆದ ಮೇಲೆ ಊರಿಗೆ ಹೋಗಿಬಿಡಬೇಕೆಂದು.

“ಊರಾಗ ಅಣ್ಣನ ಮಕ್ಕಳು ಅದಾರ್ರಿ, ಕೂಳಿಗೇನ ಕಡಿಮಿ ಇಲ್ಲ,” ಎಂದು ಅವನೇ ಒಮ್ಮೆ ನನಗೆ ಹೇಳಿದ. “ಆದ್ರ ಪರದೆ ಏಳೂ ಹೊತ್ತಿಗೆ ಎದಿ ಡವ ಡವ ಅಂತೈತಲ್ರಿ ಮಾಸ್ತರ, ಅದು ಅಲ್ಲಿ ಎಲ್ಲಿಂದ ಬರಬೇಕು?”

ವಕೀಲರ ಕನ್ನಡವನ್ನು ಮೊದಲು ಕೆರೂರಿನಲ್ಲಿ ಸಂತೆಯ ದಿನ ಆಡಿದರು. ನನ್ನನ್ನೂ ಕರೆದೊಯ್ದಿದ್ದರು. ದಸರೆ ಮುಗಿದರೂ ಸುಡು ಬಿಸಿಲು. ತಗಡಿನ ಥೇಟರಿನಲ್ಲಿ ಜನ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಚಾಚಾ ‘ಹವಾಮಾನವು ಅತ್ಯಂತ ಆಹ್ಲಾದಕರ’ ಎಂದಾಗ ಹಿಂದಿನಿಂದ ಒಬ್ಬ, “ನಿನಗ ಆಹ್ಲಾದ ಆಗೇತಿ, ನಾವು ಬೆಂದು ಹೋಗೇವಿ!” ಎಂದ. ಆಗ ಎಲ್ಲರೂ ನಕ್ಕರು. ಆಟಕ್ಕಲ್ಲ, ಅವನಿಗೆ. ಇಂಗ್ಲಿಷಿನ ಮೌನ ಬಂದಾಗ ಜನ, ಪಾತ್ರಧಾರಿ ಮಾತು ಮರೆತನೆಂದು ತಿಳಿದು ಸಿಳ್ಳು ಹಾಕಿದರು. ಪಾಪ, ಪರದೆಯ ಮರೆಯಲ್ಲಿ ಮಾತು ಎತ್ತಿಕೊಡುವವನು ಗಾಬರಿಯಾಗಿ ಮುಂದಿನ ಸಾಲನ್ನು ಊರಿಗೆಲ್ಲ ಕೇಳಿಸುವಂತೆ ಓದಿಬಿಟ್ಟ.

ಅಷ್ಟರಲ್ಲೂ ಚಾಚಾ ಆಟವನ್ನು ಬಿಡಲಿಲ್ಲ. ಹುಬ್ಬು ಏರಿಸಿ, ಧೋತರದ ಚುಂಗು ಹಿಡಿದು ಒದ್ದಾಡಿ, ಕುರ್ಚಿಯಿಂದ ಜಾರಿ ಬಿದ್ದು, ಎದ್ದು, ಆ ಕಲ್ಲಿನಂಥ ಮಾತುಗಳ ನಡುವೆ ಅಲ್ಲಲ್ಲಿ ನಗು ಹೆಕ್ಕಿದ. ಪರದೆ ಬಿದ್ದ ಮೇಲೆ ಇಬ್ಬರು ಅವನನ್ನು ಹಿಡಿದು ಕೂಡಿಸಬೇಕಾಯಿತು. ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದ. ಮಾಲಕರು ನನ್ನ ಕಡೆ ತಿರುಗಿ, “ನೋಡ್ರಿ ಮಾಸ್ತರ, ಈ ಹಾಳಾದ ಮಾತಿನಾಗ ಇಷ್ಟರ ನಗಿ ತಗಿಯೂದು ಈ ಮುದುಕನ್ನ ಬಿಟ್ರ ಇನ್ನೊಬ್ಬನ ಕೈಲೆ ಆಗೂದಲ್ಲ,” ಎಂದರು.

ಆ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನನಗೆ ಕಂಡದ್ದು ಅವನ ಭುಜ ಮಾತ್ರ. ಹೀಗೆ ನಾಲ್ಕು ಆಟ ಆಡಿದರೆ ಇವನು ಸಾಯುತ್ತಾನೆ ಅನ್ನಿಸಿತು. ಮಾಲಕರಿಗೆ ಅಲ್ಲೇ ಹೇಳಿದೆ, ನಾನು ಬೇರೆ ಬರೆದು ಕೊಡುತ್ತೇನೆ, ಇವನ ಉಸಿರಿಗೆ ಹೊಂದುವ ಹಾಗೆ ಬರೆಯುತ್ತೇನೆ ಎಂದು.

ಹೇಳುವುದು ಸುಲಭ. ಎಂಟು ದಿನ ಕೂತರೂ ಒಂದು ಪುಟ ಹತ್ತಲಿಲ್ಲ. ಪದಗಳನ್ನು ಸಡಿಲ ಮಾಡಿದೆ, ಅಶ್ವಶಾಲೆಯನ್ನು ಕುದುರೆ ಲಾಯ ಮಾಡಿದೆ, ಮಹಾಶಯರನ್ನು ಓಡಿಸಿದೆ. ಆದರೂ ಸತ್ತ ಹೆಣಕ್ಕೆ ಹೊಸ ಅಂಗಿ ತೊಡಿಸಿದಂತಾಯಿತು. ಕಾರಣ ಗೊತ್ತಿತ್ತು. ಪರಿಚಯವಿಲ್ಲದೆ ಮಾತಾಡಬಾರದು ಎಂಬುದು ನಮ್ಮ ಕಡೆ ಯಾರಿಗೆ ಗೊತ್ತು? ಇಲ್ಲಿ ರೈಲಿನಲ್ಲಿ ಎದುರಿಗೆ ಕೂತವನು, ಗಾಡಿ ಬಾದಾಮಿ ಮುಟ್ಟುವುದರೊಳಗೆ ನಿಮ್ಮ ಊರು, ಮನೆತನ, ಹೊಲ, ಹೆಂಡತಿಯ ತವರು ಎಲ್ಲ ಕೇಳಿ ತಿಳಿದುಕೊಂಡಿರುತ್ತಾನೆ. ಮಾತೇ ಆಡದ ಇಬ್ಬರನ್ನು ನೋಡಿದರೆ ನಮ್ಮ ಜನ ಅವರಿಬ್ಬರಲ್ಲಿ ಹೊಲದ ವ್ಯಾಜ್ಯ ಇದೆ ಎಂದುಕೊಳ್ಳುತ್ತಾರೆ.

ದಾರಿ ತೋರಿಸಿದವರು ವಕೀಲರೇ. ಅದನ್ನು ಅವರು ಸಾಯುವ ತನಕ ಒಪ್ಪಲಿಲ್ಲ, ನಾನು ಹೇಳುವ ಗೋಜಿಗೂ ಹೋಗಲಿಲ್ಲ. ನಾನು ಬೇರೆ ಬರೆಯುತ್ತಿರುವ ಸುದ್ದಿ ಮುಟ್ಟಿದ್ದೇ ತಡ, ಒಂದು ರವಿವಾರ ಬೆಳಿಗ್ಗೆ ಕೈಯಲ್ಲಿ ಪುಸ್ತಕ ಹಿಡಿದು ಸಿಟ್ಟಿನಿಂದ ನಮ್ಮ ಮನೆಗೆ ಬಂದರು. ಬರವಣಿಗೆ ಎಲ್ಲಿಗೆ ಬಂತೆಂದು ಕೇಳಲು ಬಂದ ಚಾಚಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ನಾನು ಒಳಗೆ ಕರೆದರೂ ಅವನು ಬರುತ್ತಿರಲಿಲ್ಲ. ಅವ್ವ ಅವನಿಗೆಂದೇ ಒಂದು ಬಟ್ಟಲು ಬೇರೆ ಇಟ್ಟಿದ್ದಳು. ಆ ಕಾಲ ಹಾಗಿತ್ತು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಬೇಡ, ನಮ್ಮ ಮನೆಯೂ ಹಾಗಿತ್ತು.

ವಕೀಲರು ಹೊಸ್ತಿಲು ದಾಟಿ, “ಮಾಸ್ತರ, ಇದೇನು ನಡಿಸೀರಿ ನೀವು—” ಎನ್ನುತ್ತಿದ್ದ ಹಾಗೆ ಅವ್ವ ಒಳಗಿನಿಂದ ಬಂದಳು.

“ಬಾರೋ ತಮ್ಮಾ! ಎಷ್ಟ ದಿನಾ ಆತು ಈ ಕಡೆ ಬಂದು. ಕಾಲಿಗೆ ನೀರು ತಗೋ.”

“ನೀರು ಬ್ಯಾಡ್ರಿ ಅವ್ವಾರ, ನಾ ಬಂದದ್ದು—”

“ಬಿಸಲಾಗ ಬಂದೀ. ಮದಲ ಕುಂದ್ರು. ಅವಲಕ್ಕಿ ಹಚ್ಚೇನಿ.”

“ನಾ ಬಂದದ್ದ್ಯಾಕಂದ್ರ—”

“ತಿಂದು ಮಾತಾಡೂದೈತಿ ಬಿಡು. ನಿಮ್ಮ ಅಕ್ಕನ್ನ ಗುಳೇದಗುಡ್ಡದಾಗ ಕೊಟ್ಟಾರಲ್ಲ, ಆಕಿ ಹಡದಳೇನು?”

ವಕೀಲರು ಅವಲಕ್ಕಿ ತಿಂದರು. ಮಜ್ಜಿಗೆ ಕುಡಿದರು. ಅಕ್ಕನ ಬಾಣಂತನ ಹೇಳಿದರು. ಮತ್ತೊಂದು ತಾಟು ಅವಲಕ್ಕಿ ತಿಂದರು. ಅಷ್ಟು ಹೊತ್ತಿಗೆ ಅವರ ಸಿಟ್ಟು ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಚಾಚಾ ಬಾಯಿಗೆ ಟವೆಲು ಒತ್ತಿಕೊಂಡು ಕೂತಿದ್ದ. ಭುಜ ಅಲುಗುತ್ತಿತ್ತು. ದಮ್ಮು ಹತ್ತಿದೆಯೆಂದು ಹೆದರಿ ಓಡಿದೆ. ನಗುತ್ತಿದ್ದ.

ನನಗೆ ಬೇಕಾದದ್ದು ಸಿಕ್ಕಿತು. ಇಂಗ್ಲಿಷಿನಲ್ಲಿ ಸಭ್ಯತೆ ಬಾಯಿ ಕಟ್ಟುತ್ತದೆ. ನಮ್ಮಲ್ಲೂ ಸಭ್ಯತೆಯೇ ಬಾಯಿ ಕಟ್ಟುತ್ತದೆ, ಆದರೆ ಮೌನದಿಂದಲ್ಲ, ಉಪಚಾರದಿಂದ. ಮನೆಗೆ ಬಂದವನಿಗೆ ನೀರು, ಕೂಳು ಕೊಡದೆ ಬಂದ ಕೆಲಸ ಕೇಳುವುದು ನಮ್ಮ ಕಡೆ ದೊಡ್ಡ ಅವಮಾನ. ಹಾಗಾದರೆ ಬಂದವನು ಹೇಳಲು ಒದ್ದಾಡಲಿ, ಮನೆಯವನು ಉಪಚಾರದಿಂದ ಅವನ ಬಾಯಿ ಮುಚ್ಚಿಸುತ್ತ ಹೋಗಲಿ. ಅವರ ಹವೆಯ ಜಾಗದಲ್ಲಿ ನಮ್ಮ ಅವಲಕ್ಕಿ, ಅವರ ಪರಿಚಯದ ಜಾಗದಲ್ಲಿ ನಮ್ಮ ನೆಂಟಸ್ತನ. ಹೊಗೆ ಮಾತ್ರ ಎರಡೂ ಕಡೆ ಒಂದೇ. ಕುದುರೆ ಲಾಯವನ್ನು ತೆಗೆದು ಹಿತ್ತಲಿಗೆ ಒಂದು ಜೋಳದ ಕಣಿಕೆಯ ಬಣವಿ ತಂದಿಟ್ಟೆ.

ಇದರಲ್ಲಿ ಚಾಚಾನಿಗೂ ಅನುಕೂಲವಾಯಿತು. ಮನೆಯವನ ಪಾತ್ರಕ್ಕೆ ಹೊಳೆಯಂಥ ಮಾತು. ಬಂದವನ ಪಾತ್ರಕ್ಕೆ ತುಂಡು ತುಂಡು ಮಾತು, ಅದೂ ಅರ್ಧಕ್ಕೇ ಕಡಿದುಹೋಗುವಂಥದ್ದು. ಅದು ಚಾಚಾನ ಪಾತ್ರ. ಇನ್ನೊಬ್ಬ ಮಾತಾಡುತ್ತಿರುವಾಗ ಅವನು ಉಸಿರು ಎಳೆದುಕೊಳ್ಳಬಹುದು. ತಾಲೀಮಿನಲ್ಲಿ ತಬಲಾದವನನ್ನು ಪಕ್ಕಕ್ಕೆ ಕೂಡಿಸಿಕೊಂಡೆವು. ನಾನು ಸಾಲು ಓದುತ್ತಿದ್ದೆ, ಚಾಚಾ ಆಡಿ ನೋಡುತ್ತಿದ್ದ, ತಬಲಾದವನು ನಗು ಬೀಳಬೇಕಾದ ಕಡೆ ಬೆರಳಿನಿಂದ ಒಂದು ಪೆಟ್ಟು ಹಾಕುತ್ತಿದ್ದ. ಪೆಟ್ಟು ಬಿದ್ದ ಮೇಲೂ ಮಾತು ಉಳಿದಿದ್ದರೆ ಆ ಬಾಲವನ್ನು ಕತ್ತರಿಸುತ್ತಿದ್ದೆ. ‘ಇರುತ್ತದೆ’, ‘ಆಗಿರುವುದು’ ಎಂಬ ಬಾಲಗಳು ಎಷ್ಟು ನಗುವನ್ನು ಕೊಂದಿವೆ ಎಂದು ನನಗೆ ಆಗ ಗೊತ್ತಾಯಿತು. ಇಂಗ್ಲಿಷಿನವನು ತನ್ನ ಬಾಂಬನ್ನು ವಾಕ್ಯದ ಕಟ್ಟಕಡೆಗೆ ಇಡುತ್ತಾನೆ. ನಾವು ಅದನ್ನು ನಡುವೆ ಸಿಡಿಸಿ, ಆಮೇಲೆ ಕ್ರಿಯಾಪದ ಎಳೆದುಕೊಂಡು ಬರುತ್ತೇವೆ. ಬೀದಿಯಲ್ಲಿ ಮಾತಾಡುವಾಗ ಯಾರೂ ಹಾಗೆ ಮಾಡುವುದಿಲ್ಲ, ಬರೆಯಲು ಕೂತಾಗ ಮಾತ್ರ.

ಕೊನೆಯ ಸಾಲಿಗೆ ಮೂರು ದಿನ ಹಿಡಿಯಿತು. ‘ನಿಮ್ಮ ಬಣವಿಗೆ ಬೆಂಕಿ ಹತ್ತೇತ್ರಿ’ ಎಂದರೆ ಅರ್ಥ ಸರಿ, ನಗು ಇಲ್ಲ. ಹೊಗೆ ಮೊದಲಿಂದ ಕಾಣುತ್ತಿರುವಾಗ ಬೆಂಕಿ ಎಂದು ಹೇಳಿದರೆ ಯಾರಿಗೆ ಹೊಸ ಸುದ್ದಿ? ಕಡೆಗೆ ಹೀಗೆ ಬರೆದೆ. ಬಂದವನು ಉಂಡು, ಎಲೆ ಅಡಿಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ತಿರುಗಿ ನಿಲ್ಲುತ್ತಾನೆ.

“ನಿಮ್ಮ ಹಿತ್ತಲದಾಗ ಬಣವಿ ಐತೇನ್ರಿ?”

“ಐತಲ್ಲ!”

“ಈಗಿಲ್ರಿ.”

ಓದಿದಾಗ ತಬಲಾದವನು ಪೆಟ್ಟು ಹಾಕುವುದನ್ನೇ ಮರೆತು ಹೊಟ್ಟೆ ಹಿಡಿದುಕೊಂಡ. ತಾಲೀಮು ನೋಡಲು ಬಂದಿದ್ದ ವಕೀಲರು ಮಾತ್ರ ಮೂಲದ ಪುಟ ತೆಗೆದು ಬೆರಳಿಟ್ಟರು.

“ಬೆಂಕಿ ಎಲ್ಲೈತಿ? ಇಲ್ಲಿ ಸ್ಪಷ್ಟ ಬೆಂಕಿ ಅಂತ ಐತಿ. ನಿಮ್ಮ ಕನ್ನಡದಾಗ ಬೆಂಕೀನ ಇಲ್ಲ!”

“ಹಿತ್ತಲದಾಗ ಐತ್ರಿ,” ಎಂದೆ.

“ಚಾಷ್ಟಿ ಬ್ಯಾಡ ಮಾಸ್ತರ. ಗ್ರಂಥಕರ್ತ ಅಂದದ್ದನ್ನ ನೀವು ಅನ್ನಬೇಕು.”

“ಗ್ರಂಥಕರ್ತಗ ಜನಾ ನಗೂದು ಬೇಕಾಗಿತ್ತು. ಅಂವ ಅಂದದ್ದೆಲ್ಲಾ ಅದಕ್ಕ. ಮಾತು ಸರಿ ಕುಂತ್ರ ಯಾರ ಬಾಯಾಗ ಇಟ್ರೂ ಜನಾ ನಗ್ತಾರ್ರಿ. ನಿಮ್ಮ ಮಾತಿಗೆ ಪಾಪ ಈ ಮನಶ್ಯಾ ಕುರ್ಚಿಯಿಂದ ಬೀಳಬೇಕಾತು.”

ಮಾಲಕರು ಮಧ್ಯೆ ಕೂತು ಎಲ್ಲ ಕೇಳುತ್ತಿದ್ದರು. ಗೆದ್ದೆ ಎಂಬ ಹುಮ್ಮಸ್ಸು ನನಗೆ. ವಾದದಲ್ಲಿ ವಕೀಲರನ್ನು ಸೋಲಿಸುವ ಭಾಗ್ಯ ಮಾಸ್ತರನಿಗೆ ಎಷ್ಟು ಸಲ ಬರುತ್ತದೆ?

ಗುಳೇದಗುಡ್ಡದಲ್ಲಿ ಮೊದಲ ಆಟ. ಅದು ನೇಕಾರರ ಊರು. ದಿನವಿಡೀ ಮಗ್ಗದ ಸದ್ದಿನಲ್ಲಿ ಕೂತವರು, ಮೆಲ್ಲಗೆ ಮಾತಾಡುವುದೂ ಇಲ್ಲ, ಮೆಲ್ಲಗೆ ನಗುವುದೂ ಇಲ್ಲ. ರಂಗದ ಪಕ್ಕದಲ್ಲಿ ಲೋಬಾನದ ಹೊಗೆ ಹಾಕಿದರು. ಚಾಚಾ ಓಡಿ ಬಂದು, “ನೀರು! ನೀರು ಬೇಕ್ರಿ!” ಎಂದ. ಮನೆಯವನು ಒಂದು ತಂಬಿಗೆ ಕೊಟ್ಟ. “ಇಷ್ಟ ಸಾಲೂದಿಲ್ರಿ, ಬಾವಿ ಬೇಕ್ರಿ!” ಎಂದ. “ಅಷ್ಟು ನೀರಡಿಸೀರೇನು? ಕುಂದರ್ರಿ, ಯಾವೂರು ನಿಮ್ಮದು?” “ಕೆರೂರ್ರಿ, ಆದ್ರ—” “ಕೆರೂರಾ? ಅಲ್ಲಿ ನಮ್ಮ ಅತ್ತಿ ಮನಿ ಐತಲ್ರಿ!” ಜನ ಹೊಯ್ದಾಡಿ ನಕ್ಕರು. ಪಕ್ಕದೂರಿನ ಹೆಸರನ್ನು ಹಾಕುವುದು ಕಂಪನಿಯವರ ಹಳೆಯ ರೂಢಿ, ಊರು ಬದಲಾದ ಹಾಗೆ ಅದೂ ಬದಲಾಗುತ್ತಿತ್ತು. ‘ನಾ ಬಂದದ್ದು’ ಎಂದು ಚಾಚಾ ಮೂರನೇ ಸಲ ಬಾಯಿ ತೆಗೆಯುವ ಹೊತ್ತಿಗೆ ಜನರೇ ಕೂಗಿ ಹೇಳುತ್ತಿದ್ದರು, “ಮದಲ ಉಣ್ಣು!” ‘ಈಗಿಲ್ರಿ’ ಎಂದ ಮೇಲೆ ಪರದೆ ಬಿಟ್ಟರೂ ಜನ ಏಳಲಿಲ್ಲ, ಒನ್ಸ್ ಮೋರ್ ಎಂದು ಗದ್ದಲ. ಕೊನೆಯ ಮೂರು ಸಾಲನ್ನು ಮತ್ತೆ ಆಡಬೇಕಾಯಿತು.

ಚಾಚಾ ಒಳಗೆ ಬಂದಾಗ ಅವನ ಭುಜ ನೋಡಿದೆ. ಸುಮ್ಮನಿತ್ತು. “ಮಾಸ್ತರ, ಇನ್ನೂ ಎರಡು ಸಲ ಬೇಕಾದ್ರೂ ಆಡ್ತೇನಿ,” ಎಂದು ನಕ್ಕ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಬಹಳ ಸಲ ಆಗಿಲ್ಲ. ಅದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ.

ಮುಂದೆ ಬಾಗಲಕೋಟೆಯಲ್ಲಿ ಆಟದ ಮೇಲೆ ಆಟ. ಬೀದಿಯಲ್ಲಿ ಹಸ್ತಪತ್ರಿಕೆ ಹಂಚಿದರು. ಅದರಲ್ಲಿ, ಇಂಗ್ಲಿಷಿನಿಂದ ಭಾಷಾಂತರಿಸಿದವರು ಎಂಬಲ್ಲಿ ವಕೀಲರ ಹೆಸರು. ಬೆಂಕಿ ಎಲ್ಲಿ ಎಂದು ಕೇಳಿದವರು ಈಗ ಬಣವಿ ಸಮೇತ ತಮ್ಮದು ಮಾಡಿಕೊಂಡಿದ್ದರು. ಮಾಲಕರನ್ನು ಕೇಳಿದರೆ, “ಪರದೆ ಅವರದು, ಉಡುಪ ಅವರದು, ಹೆಸರೊಂದು ನಿಮ್ಮದು ಹ್ಯಾಂಗ ಹಾಕ್ಲಿ?” ಎಂದರು. ಸಿಟ್ಟು ಬಂತು. ನುಂಗಿಕೊಂಡೆ. ಚಾಚಾನ ಜಾಗ ಉಳಿದರೆ ಸಾಕು, ಹೆಸರು ಯಾರದ್ದಾದರೇನು ಎಂದು ನನ್ನ ಕಣ್ಣಿಗೆ ನಾನೇ ದೊಡ್ಡವನಾದೆ.

ಯುಗಾದಿ ಬಂತು. ಎಲ್ಲರ ಕರಾರೂ ಆಯಿತು. ಚಾಚಾನದು ಆಗಲಿಲ್ಲ.

ನಾನು ಶಾಲೆಯಿಂದ ನೇರ ಕಂಪನಿಗೆ ಹೋದೆ. ಮಾಲಕರು ಪೂಜೆ ಮುಗಿಸಿ ಎದ್ದಿದ್ದರು.

“ಫಾರ್ಸು ಬಿದ್ರ ಕಳಸ್ತೇನಿ ಅಂದಿದ್ರಿ. ಫಾರ್ಸು ಬೀಳಲಿಲ್ಲಲ್ರಿ?” ಎಂದೆ.

“ಎಲ್ಲಿ ಬಿತ್ತು? ಅದ ಈಗ ಕಂಪನಿಗೆ ಅನ್ನ ಹಾಕಾಕ ಹತ್ತೇತಿ. ಹೋದ ವಾರ ಮುದುಕಗ ದಮ್ಮು ಜಾಸ್ತಿ ಆದಾಗ, ಪುರಾಣದ ಆಟದಾಗ ದೂತನ ಪಾತ್ರ ಮಾಡ್ತಾನಲ್ರಿ, ಆ ಹುಡುಗನ್ನ ನಿಂದ್ರಿಸಿದ್ದೆ. ಜನಾ ಅಷ್ಟ ನಕ್ಕರು. ಒಂದು ಕೂದಲ ಎಳಿ ಕಡಿಮಿ ಇಲ್ಲ.”

ಮಾಲಕರು ವಿಭೂತಿಯ ಬಟ್ಟಲು ಮುಚ್ಚಿಟ್ಟು ನನ್ನ ಕಡೆ ತಿರುಗಿದರು.

“ನೀವ ಅಂದಿದ್ರಲ್ರಿ ಮಾಸ್ತರ, ಮಾತು ಸರಿ ಕುಂತ್ರ ಯಾರ ಬಾಯಾಗ ಇಟ್ರೂ ನಗ್ತಾರಂತ? ನಾ ಅವತ್ತ ನಂಬಿರಲಿಲ್ಲ. ಖರೆ ಐತಿ ನಿಮ್ಮ ಮಾತು. ವಕೀಲರ ಬರಹ ಇದ್ದಿದ್ರ ಈ ಮುದುಕನ್ನ ನಾ ಹ್ಯಾಂಗ ಬಿಡ್ತಿದ್ದೆ? ಕಾಲು ಹಿಡದು ಇಟ್ಕೋಬೇಕಾಗಿತ್ತು.”

ಅದರಲ್ಲಿ ಕುಹಕವೇನೂ ಇರಲಿಲ್ಲ. ಲೆಕ್ಕ ಹೇಳುವವನ ಹಾಗೆ ಹೇಳಿದರು, ಅಷ್ಟೇ. ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ದಮ್ಮಿನವನಿಗೆ ದಕ್ಕಲಿ ಎಂದು ನಾನು ಆ ಮಾತುಗಳನ್ನು ಎಷ್ಟು ಹಗುರ ಮಾಡಿದ್ದೆನೆಂದರೆ, ಅವು ಎಂಥ ಮೊದ್ದನಿಗೂ ದಕ್ಕುವಂತಾಗಿದ್ದವು. ಕೈಮುಗಿದು ಕೇಳಿದೆ. ಬೇರೆ ಯಾವುದಾದರೂ ಸಣ್ಣ ಪಾತ್ರ ಕೊಡಿ ಎಂದೆ. ವರ್ಷಕ್ಕೊಂದು ಮುದುಕನನ್ನು ಹೀಗೆ ಉಳಿಸಿಕೊಂಡರೆ ಕಂಪನಿ ಧರ್ಮಶಾಲೆ ಆಗುತ್ತದೆ ಎಂದರು. ಚಾಚಾ ಆ ಹೊತ್ತಿಗಾಗಲೇ ಗಂಟು ಕಟ್ಟಿಕೊಂಡು ಇಳಕಲ್ಲಿನ ಕಡೆ ಹೋಗುವ ಗಾಡಿ ಹತ್ತಿದ್ದ. ನನಗೆ ಹೇಳದೆ ಹೋದನಲ್ಲ ಎಂದು ನನಗೆ ಅವನ ಮೇಲೂ ಸಿಟ್ಟು ಬಂತು.

ಮುಂದಿನ ಸೂಟಿಯಲ್ಲಿ ನಾನು ಹುನಗುಂದದಲ್ಲಿದ್ದ ಮಾವನ ಮನೆಗೆ ಹೋದಾಗ, ಕಂಪನಿ ಇಳಕಲ್ಲಿಗೆ ಬಂದಿದೆ ಎಂದು ತಿಳಿಯಿತು. ಹೋಗಬಾರದು ಎಂದುಕೊಂಡೇ ಹೋದೆ. ಥೇಟರಿನಲ್ಲಿ ನೆಲದ ಮೇಲೆ, ಅಣ್ಣನ ಮಕ್ಕಳ ನಡುವೆ ಚಾಚಾ ಕೂತಿದ್ದ. ನನ್ನನ್ನು ನೋಡಿ ಜಾಗ ಬಿಟ್ಟುಕೊಟ್ಟ. ಇಬ್ಬರೂ ಕೂಡಿ ಆಟ ನೋಡಿದೆವು. ಅವನ ಓಣಿಯ ಜನ, ಅವನ ಮನೆಯ ಮಕ್ಕಳು, ಎಲ್ಲರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ದೂತನ ಪಾತ್ರದವನು ಚಾಚಾನ ಪಾತ್ರವನ್ನು ಹಾಳು ಮಾಡುತ್ತಿದ್ದ. ನಿಲ್ಲಬೇಕಾದಲ್ಲಿ ಓಡುತ್ತಿದ್ದ, ಓಡಬೇಕಾದಲ್ಲಿ ನಿಂತು ಜನರ ಕಡೆ ನೋಡುತ್ತಿದ್ದ. ನಗು ಮಾತ್ರ ಒಂದು ಕಡೆಯೂ ತಪ್ಪಲಿಲ್ಲ. ಪ್ರತಿ ನಗುವಿಗೂ ನಾನು, ಇದೊಂದು ಸಲ ಬೀಳದಿರಲಿ, ಇದೊಂದು ಸಾಲು ಸೋಲಲಿ ಎಂದು ಹಲ್ಲು ಕಚ್ಚಿ ಕೂತೆ. ನಾನೇ ಬರೆದ ಸಾಲು!

ಬೆಳಿಗ್ಗೆ ಹುನಗುಂದಕ್ಕೆ ಹೊರಡುವ ಮುಂಚೆ ಅವನ ಮನೆಗೆ ಹೋದೆ. ಒಳಗೆ ಮಗ್ಗ ನಡೆದಿತ್ತು. ಹೊರಗೆ ಪಡಸಾಲೆಯಲ್ಲಿ ಅವನು ರಾಟಿ ಮುಂದಿಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಅದು ಮನೆಯ ಹೆಂಗಸರು ಮಾಡುವ ಕೆಲಸ. ನನ್ನನ್ನು ಕಂಡು ಎದ್ದ. ಏಳಬೇಡ ಎಂದರೂ ಎದ್ದು ನಿಂತ.

“ಆ ಹುಡುಗ ನಿಮ್ಮಂಗ ಆಡಲಿಲ್ಲ ಚಾಚಾ,” ಎಂದೆ.

“ಇಲ್ರಿ. ಕತ್ತೆ ಮಾಡಿದಂಗ ಮಾಡಿದ,” ಎಂದ. “ಉಸರು ತಪ್ಪು ಜಾಗಾದಾಗ ತಗೋತಾನ. ಕೈ ಎಲ್ಲಿ ಇಡಬೇಕಂತ ಗೊತ್ತಿಲ್ಲ. ಹಂಗಿದ್ರೂ ನಕ್ಕರಲ್ರಿ ಮಂದಿ. ನಮ್ಮ ಅಣ್ಣನ ಮಗ ಬಿದ್ದು ಬಿದ್ದು ನಕ್ಕ. ನಾ ಆಡಿದಾಗೂ ಹಂಗ ನಕ್ಕಿದ್ದಿಲ್ಲ ಅಂವ.”

ರಾಟಿಯನ್ನು ಪಕ್ಕಕ್ಕೆ ಸರಿಸಿ ನನಗೆ ಕೂಡಲು ಜಾಗ ಮಾಡಿದ. ಆಮೇಲೆ, ಒಳ್ಳೆಯ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನನ್ನ ಮುಖ ನೋಡಿ ಹೇಳಿದ:

“ಎಂಥಾ ಛಲೋ ಬರದ್ರಿ ಮಾಸ್ತರ. ನನ್ನ ಸಲುವಾಗಿ ಬರದ್ರಿ, ನಾನ ಬೇಕಾಗದಂಗ ಬರದ್ರಿ.”

ಅವನು ಅದನ್ನು ಹೊಗಳಿಕೆ ಎಂದೇ ಹೇಳಿದ್ದ. ಮನಸ್ಸಿನಲ್ಲಿ ಒಂದಿಷ್ಟೂ ಕಹಿ ಇಟ್ಟುಕೊಳ್ಳದೆ, ಒಬ್ಬ ಕಸುಬಿನವನು ಇನ್ನೊಬ್ಬ ಕಸುಬಿನವನಿಗೆ ಹೇಳುವ ಹಾಗೆ. ಹೇಳಿ ಮತ್ತೆ ರಾಟಿ ತಿರುಗಿಸತೊಡಗಿದ. ನಾನು ಗಾಡಿಗೆ ಹೊತ್ತಾಯಿತು ಎಂದು ಹೇಳಿ ಎದ್ದೆ.